ನಿನ್ನೆ ಮನೆಗೆಲಸ ಯಾರು ಮಾಡಿದರು?

ಪ್ರಶ್ನೆ: ಬಿ.ಎ. ಕೊನೆಯ ವರ್ಷ, ಸಮಾಜಶಾಸ್ತ್ರ ಓದುತ್ತಿದ್ದೇನೆ. ದಿನನಿತ್ಯದ ಬದುಕಿನ ಬಗ್ಗೆ ಸರ್ವೆ ಮಾಡಿ ಪ್ರಾಜೆಕ್ಟ್ ಬರೆಯಬೇಕು. ‘ಯುವಜನರ ಮೇಲೆ ಮೊಬೈಲ್ ಪರಿಣಾಮ’ ಬಿಟ್ಟು ಬೇರೆ ಏನಾದರೂ ಹೇಳ್ತೀರಾ?

ಮೊಬೈಲ್ ಬಿಟ್ಟಿದ್ದು ಒಳ್ಳೆಯದಾಯಿತು, ಅದನ್ನು ಪ್ರತಿ ವರ್ಷ ಅರ್ಧ ಕ್ಲಾಸು ಬರೆಯುತ್ತದೆ. ನಿಮ್ಮ ಬೀದಿಯಲ್ಲೇ ಮುಗಿಸಬಹುದಾದ ವಿಷಯ ಒಂದಿದೆ: ಮನೆಗೆಲಸಕ್ಕೆ ಗಂಡ ಎಷ್ಟು ಹೊತ್ತು ಕೊಡುತ್ತಾನೆ, ಹೆಂಡತಿ ಎಷ್ಟು ಹೊತ್ತು?

‘ನೀವು ಮನೆಗೆಲಸಕ್ಕೆ ಕೈಜೋಡಿಸ್ತೀರಾ?’ ಅಂತ ಮಾತ್ರ ಕೇಳಬೇಡಿ. ಎಲ್ಲ ಗಂಡಸರೂ ಹೂಂ ಅನ್ನುತ್ತಾರೆ. ‘ನಿನ್ನೆ ಏನೇನು ಮಾಡಿದಿರಿ?’ ಅಂತ ಕೇಳಿ. ಕೇಂದ್ರ ಸರ್ಕಾರ 2019 ಮತ್ತು 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಕ್ರಮವೂ ಇದೇ. ಬೆಳಗಿನ 4 ಗಂಟೆಯಿಂದ ಮರುದಿನ 4ರವರೆಗೆ ದಿನವನ್ನು ಅರ್ಧರ್ಧ ಗಂಟೆಯ ಸಾಲುಗಳಾಗಿ ಒಡೆದು, ಪ್ರತಿ ಸಾಲಿನಲ್ಲಿ ಮಾಡಿದ್ದನ್ನು ಬರೆಯುವುದು. ಆರೂವರೆಯ ಸಾಲಿನಲ್ಲಿ ಒಬ್ಬಾಕೆ ಕುಕ್ಕರ್ ಇಟ್ಟು, ಮಗಳಿಗೆ ಜಡೆ ಹಾಕಿ, ನಲ್ಲಿ ನೀರೂ ಹಿಡಿದಿರಬಹುದು. ಮೂರನ್ನೂ ಬರೆದು, ಮುಖ್ಯವಾದದ್ದಕ್ಕೆ ಗುರುತು ಹಾಕಿ. ಒಂದನ್ನೇ ಬರೆದರೆ ಹೆಂಗಸರ ಕೆಲಸವೇ ಮೊದಲು ಮಾಯವಾಗುವುದು.

30 ಮನೆ, ಪ್ರತಿ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ, ಆದರೆ ಬೇರೆ ಬೇರೆಯಾಗಿ. ಒಬ್ಬರಿಗೆ ಇದು ಸಾಧ್ಯ. ಬೀದಿಯಲ್ಲಿ ಐದು ಮನೆಗೊಂದರಂತೆ ಆರಿಸಿ. ಬೀಗ ಹಾಕಿದ್ದರೆ ಪಕ್ಕದ ಮನೆ ಬಾಗಿಲು ತಟ್ಟಬೇಡಿ, ಸಂಜೆ ಮತ್ತೆ ಹೋಗಿ. ಹಗಲು ಬೀಗ ಬೀಳುವುದು ಹೆಚ್ಚಾಗಿ ಇಬ್ಬರೂ ದುಡಿಯುವ ಮನೆಗೆ. ಅವರನ್ನು ಬಿಟ್ಟರೆ ನಿಮ್ಮ ಸರ್ವೆ ತುಂಬ ಗೃಹಿಣಿಯರೇ ಉಳಿಯುತ್ತಾರೆ. ಎಲ್ಲರನ್ನೂ ಸೋಮವಾರವೇ ಕೇಳಿದರೆ ಭಾನುವಾರ ಸಂತೆಗೆ ಹೋದ ಗಂಡಂದಿರಷ್ಟೇ ಸಿಗುತ್ತಾರೆ, ಹಾಗಾಗಿ ವಾರದ ಏಳೂ ದಿನಕ್ಕೆ ಹಂಚಿಕೊಳ್ಳಿ.

ಲೆಕ್ಕದಲ್ಲಿ ಎಡವುವುದು ಸರಾಸರಿ ತೆಗೆಯುವಾಗ. 30 ಗಂಡಸರಲ್ಲಿ 18 ಜನ ನಿನ್ನೆ ಏನೂ ಮಾಡಿಲ್ಲ, ಉಳಿದ 12 ಜನ ತಲಾ ಒಂದು ಗಂಟೆ ಮಾಡಿದ್ದಾರೆ ಅನ್ನಿ. ಎಲ್ಲರನ್ನೂ ಸೇರಿಸಿದರೆ ಸರಾಸರಿ 24 ನಿಮಿಷ. ನಿಜವಾಗಿ 24 ನಿಮಿಷ ಕೆಲಸ ಮಾಡಿದ ಒಬ್ಬ ಗಂಡಸೂ ಅಲ್ಲಿಲ್ಲ! ಆದ್ದರಿಂದ ಸೊನ್ನೆಯವರು ಎಷ್ಟು ಜನ ಅನ್ನುವುದನ್ನು ಮೊದಲು ಹೇಳಿ, ಮಾಡಿದವರ ಹೊತ್ತನ್ನು ಆಮೇಲೆ ಹೇಳಿ. 2024ರ ಸಮೀಕ್ಷೆಯಲ್ಲಿ ಮನೆಗೆಲಸಕ್ಕೆ ದಿನಕ್ಕೆ ಹೆಂಗಸರು 289 ನಿಮಿಷ, ಗಂಡಸರು 88 ನಿಮಿಷ ಅಂತ ಬಂದದ್ದೂ ಕೆಲಸ ಮಾಡಿದವರನ್ನಷ್ಟೇ ಹಿಡಿದು. ನಿಮ್ಮ 24ನ್ನು ಆ 88ರ ಪಕ್ಕ ಇಡುವ ಹಾಗಿಲ್ಲ, 60ನ್ನು ಇಡಬಹುದು. ಅದೂ ನಿಮ್ಮ ಬೀದಿಯ ಮಟ್ಟಿಗೆ. 30 ಮನೆ ನೋಡಿ ‘ಕರ್ನಾಟಕದ ಗಂಡಸರು’ ಅಂತ ಬರೆಯಬೇಡಿ.

ನನಗೆ ಕುತೂಹಲ ಇರುವುದು ಇಬ್ಬರ ಉತ್ತರ ತಾಳೆಯಾಗದ ಕಡೆ. ‘ಮಗನನ್ನು ಸ್ಕೂಲಿಗೆ ಬಿಟ್ಟದ್ದು ನಾನು’ ಅಂತ ಇಬ್ಬರೂ ಹೇಳಿದರೆ ಒಂದನ್ನು ಹೊಡೆದುಹಾಕಬೇಡಿ, ಪ್ರಾಜೆಕ್ಟಿನ ಒಳ್ಳೆಯ ಅಧ್ಯಾಯ ಅಲ್ಲೇ ಇದೆ. ಫಾರಂನ ಮೂಲೆಯಲ್ಲಿ ಒಂದು ಚೌಕ ಬಿಡಿ, ಉತ್ತರ ಹೇಳುವಾಗ ಪಕ್ಕದಲ್ಲಿ ಯಾರಿದ್ದರು ಅಂತ ಬರೆಯಲಿಕ್ಕೆ. ಅತ್ತೆ ಎದುರಿಗೇ ಕೂತಿದ್ದರೆ ಸೊಸೆ ‘ನಂದೇನಿದೆ, ಎಲ್ಲಾ ಅತ್ತೆಯೇ ನೋಡ್ಕೋತಾರೆ’ ಅಂದುಬಿಡುತ್ತಾಳೆ.