ಮೀಟಿಂಗ್ ಯಾವ ಊರಿನ ಗಡಿಯಾರದ್ದು?

ನ್ಯೂಯಾರ್ಕ್ ನಮಗಿಂತ ಹತ್ತೂವರೆ ಗಂಟೆ ಹಿಂದೆ ಎಂದು ಬೆಂಗಳೂರಿನ ಬಹಳಷ್ಟು ಜನ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಕೊಂಡಿರುತ್ತಾರೆ. ಅದು ನಿಜವಾಗಿರುವುದು ವರ್ಷದಲ್ಲಿ ಸುಮಾರು ನಾಲ್ಕು ತಿಂಗಳು ಮಾತ್ರ. ಉಳಿದ ಎಂಟು ತಿಂಗಳು ವ್ಯತ್ಯಾಸ ಒಂಬತ್ತೂವರೆ ಗಂಟೆ. ಮಾರ್ಚ್‌ನಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ನವೆಂಬರ್‌ನಲ್ಲಿ ಹಿಂದಕ್ಕೆ. ಇದಕ್ಕೆ ಡೇಲೈಟ್ ಸೇವಿಂಗ್ ಎನ್ನುತ್ತಾರೆ. ನಮ್ಮಲ್ಲಿ ಇದು ಇಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಭಾರತವೂ ಕೆಲವು ವರ್ಷ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿತ್ತು. 1945ರಲ್ಲಿ ಅದು ಮುಗಿಯಿತು. ಅಲ್ಲಿಂದೀಚೆಗೆ ನಾವು ಯುಟಿಸಿ ಎಂಬ ಜಾಗತಿಕ ಸಮಯಕ್ಕಿಂತ ಐದೂವರೆ ಗಂಟೆ ಮುಂದೆ ಇದ್ದೇವೆ, ಬೇಸಿಗೆಯಿರಲಿ ಚಳಿಯಿರಲಿ.

ನಮ್ಮ ಗಡಿಯಾರ ಅಲ್ಲಾಡುವುದಿಲ್ಲ. ಹಾಗಾಗಿ ನಮ್ಮ ಮೀಟಿಂಗೂ ಅಲ್ಲಾಡುವುದಿಲ್ಲ ಅಂದುಕೊಳ್ಳುತ್ತೇವೆ. ಎಡವಟ್ಟಾಗುವುದು ಇಲ್ಲೇ.

ಒಂದು ಉದಾಹರಣೆ ಲೆಕ್ಕ ಹಾಕೋಣ. ಬೆಳ್ಳಂದೂರಿನಲ್ಲಿ ಒಂದು ತಂಡ. ಅದರ ಜೊತೆ ಕೆಲಸ ಮಾಡುವವರು ಲಂಡನ್‌ನಲ್ಲಿ ಕೆಲವರು, ನ್ಯೂಯಾರ್ಕ್‌ನಲ್ಲಿ ಕೆಲವರು. ಪ್ರತಿ ಮಂಗಳವಾರ ಎಲ್ಲರೂ ಸೇರುವ ಮೀಟಿಂಗ್. 2026ರ ಮಾರ್ಚ್ 3ರಂದು ಅದು ಬೆಂಗಳೂರಿನಲ್ಲಿ ಸಂಜೆ 6:30ಕ್ಕೆ. ಆಗ ಲಂಡನ್‌ನಲ್ಲಿ ಮಧ್ಯಾಹ್ನ 1 ಗಂಟೆ, ನ್ಯೂಯಾರ್ಕ್‌ನಲ್ಲಿ ಬೆಳಿಗ್ಗೆ 8. ಮೂರೂ ಕಡೆ ಸರಿಹೋಗುವ ಹೊತ್ತು.

ಅಮೆರಿಕ ಗಡಿಯಾರ ಬದಲಿಸುವುದು ಮಾರ್ಚ್‌ನ ಎರಡನೇ ಭಾನುವಾರ. 2026ರಲ್ಲಿ ಅದು ಮಾರ್ಚ್ 8. ಬ್ರಿಟನ್ ಮತ್ತು ಯುರೋಪ್ ಬದಲಿಸುವುದು ಮಾರ್ಚ್‌ನ ಕೊನೆಯ ಭಾನುವಾರ, ಅಂದರೆ 29. ನಡುವಿನ ಮೂರು ವಾರ ಮೂರು ಊರುಗಳ ನಡುವಿನ ಅಂತರ ಮಾಮೂಲಿಗಿಂತ ಬೇರೆ. ಈ ಮೂರು ವಾರಗಳಲ್ಲಿ ಏನಾಗುತ್ತದೆ ಎನ್ನುವುದು ಒಂದೇ ಪ್ರಶ್ನೆಯ ಮೇಲೆ ನಿಂತಿದೆ: ಇನ್‌ವೈಟ್ ಯಾವ ಊರಿನ ಗಡಿಯಾರಕ್ಕೆ ಕಟ್ಟಿದೆ?

ನ್ಯೂಯಾರ್ಕ್‌ನವರು ಕಳಿಸಿದ್ದರೆ ಮೀಟಿಂಗ್ ಅವರ ಬೆಳಿಗ್ಗೆ 8ಕ್ಕೆ ಅಂಟಿಕೊಂಡಿರುತ್ತದೆ. ಮಾರ್ಚ್ 10ರಂದು ಬೆಂಗಳೂರಿನಲ್ಲಿ ಅದು 5:30ಕ್ಕೇ ಶುರುವಾಗುತ್ತದೆ, ಲಂಡನ್‌ನಲ್ಲಿ 12ಕ್ಕೆ. ಮಾರ್ಚ್ 31ರ ಹೊತ್ತಿಗೆ ಲಂಡನ್ ಮತ್ತೆ 1 ಗಂಟೆಗೆ ಬರುತ್ತದೆ. ನಾವು ಮಾತ್ರ ನವೆಂಬರ್‌ವರೆಗೂ 5:30ರಲ್ಲೇ ಇರುತ್ತೇವೆ. ಅದೇ ಇನ್‌ವೈಟ್ ಬೆಂಗಳೂರಿನಿಂದ ಹೋಗಿದ್ದರೆ ನಮಗೆ 6:30 ಗಟ್ಟಿ. ಆದರೆ ನ್ಯೂಯಾರ್ಕ್‌ಗೆ ಮಾರ್ಚ್ 10ರಿಂದ 9 ಗಂಟೆ, ಲಂಡನ್‌ಗೆ 31ರಿಂದ 2 ಗಂಟೆ. ಲಂಡನ್‌ನವರು ಕಳಿಸಿದ್ದರೆ ಇನ್ನೂ ವಿಚಿತ್ರ. ನಮಗೆ ಮೂರು ವಾರ ಏನೂ ಬದಲಾಗುವುದಿಲ್ಲ, ಆಮೇಲೆ ಒಂದು ದಿನ ಇದ್ದಕ್ಕಿದ್ದಂತೆ 5:30 ಆಗುತ್ತದೆ. ಒಂದೇ ಮೀಟಿಂಗ್, ಒಂದೇ ದಿನ ಶುರುವಾದದ್ದು, ಆದರೂ ಮೂರು ದಾರಿ. ಕಳಿಸಿದವರು ಬೇಕೆಂದೇ ಈ ದಾರಿ ಆರಿಸಿರುವುದಿಲ್ಲ. ಅವರ ಕ್ಯಾಲೆಂಡರ್ ಯಾವ ಊರಿನ ಸಮಯಕ್ಕೆ ಸೆಟ್ ಆಗಿದೆಯೋ ಅದು ಸುಮ್ನೆ ಸೇರಿಕೊಂಡಿರುತ್ತದೆ.

ಇನ್‌ವೈಟ್ ಜೊತೆ ಬರುವ .ics ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಇದು ಸಾಮಾನ್ಯವಾಗಿ ಕಣ್ಣಿಗೇ ಕಾಣುತ್ತದೆ:

```
DTSTART;TZID=America/New_York:20260303T080000
RRULE:FREQ=WEEKLY;BYDAY=TU
```

ಮೊದಲ ಸಾಲು ಹೇಳುವುದು ನ್ಯೂಯಾರ್ಕ್ ಗಡಿಯಾರದಲ್ಲಿ 8 ಗಂಟೆ ಎಂದು. ಯುಟಿಸಿಯಿಂದ ಎಷ್ಟು ದೂರ ಎಂದು ಅಲ್ಲಿ ಬರೆದಿಲ್ಲ, ಊರಿನ ಹೆಸರಷ್ಟೇ ಇದೆ. ಆ ಊರು ಎಂದು ಗಡಿಯಾರ ಬದಲಿಸುತ್ತದೆ ಎಂಬ ನಿಯಮ ಟೈಮ್ ಝೋನ್ ಡೇಟಾಬೇಸ್ ಎಂಬ ಪಟ್ಟಿಯಲ್ಲಿರುತ್ತದೆ. ಇದನ್ನು 1980ರ ದಶಕದಲ್ಲಿ ಶುರು ಮಾಡಿದವರು ಆರ್ಥರ್ ಡೇವಿಡ್ ಓಲ್ಸನ್. ಈಗಲೂ ಸ್ವಯಂಸೇವಕರೇ ತಿದ್ದುತ್ತಾರೆ. ನಮ್ಮ ಆಂಡ್ರಾಯ್ಡ್ ಫೋನ್‌ಗಳಲ್ಲೂ ಇರುವುದು ಇದೇ ಪಟ್ಟಿ. ಅದರಲ್ಲಿ ನಮ್ಮ ಹೆಸರು Asia/Kolkata. ಬೆಂಗಳೂರು ಅಂತ ಹುಡುಕಿ ಸಿಗದಿದ್ದರೆ ಗಾಬರಿ ಬೇಡ.

ಇಷ್ಟೆಲ್ಲ ತಲೆನೋವು ಯಾಕೆ, ಎಲ್ಲವನ್ನೂ ಯುಟಿಸಿಯಲ್ಲಿ ಹಾಕಿಬಿಡೋಣ ಎಂದು ಎಂಜಿನಿಯರ್‌ಗಳು ಹೇಳುವುದುಂಟು. ಒಂದೇ ಸಲ ನಡೆಯುವ ಕೆಲಸಕ್ಕೆ, ಉದಾಹರಣೆಗೆ ರಾತ್ರಿ ಸರ್ವರ್ ನಿಲ್ಲಿಸುವುದಕ್ಕೆ, ಅದು ಒಳ್ಳೆಯದೇ. ಪ್ರತಿ ವಾರದ ಮೀಟಿಂಗ್‌ಗೆ ಆಗಿಬರುವುದಿಲ್ಲ. ಯುಟಿಸಿಗೆ ಕಟ್ಟಿದರೆ ನ್ಯೂಯಾರ್ಕ್, ಲಂಡನ್ ಎರಡೂ ಜಾರುತ್ತವೆ. ಅದಕ್ಕಿಂತ ದೊಡ್ಡ ತೊಂದರೆ ಸರ್ಕಾರಗಳದ್ದು. ಮೆಕ್ಸಿಕೊ 2022ರ ಅಕ್ಟೋಬರ್‌ನಲ್ಲಿ ದೇಶದ ಬಹುಪಾಲು ಕಡೆ ಡೇಲೈಟ್ ಸೇವಿಂಗ್ ಕೈಬಿಟ್ಟಿತು. ಮುಂದಿನ ಬೇಸಿಗೆಗೆಂದು ಮೆಕ್ಸಿಕೊ ಸಿಟಿಯ 9 ಗಂಟೆಯನ್ನು ಯಾರಾದರೂ ಅದಕ್ಕೆ ಮೊದಲೇ ಯುಟಿಸಿಗೆ ಬದಲಿಸಿ ಇಟ್ಟಿದ್ದರೆ, ಆ ಮೀಟಿಂಗ್ ಅಲ್ಲಿನವರಿಗೆ 8 ಗಂಟೆಗೆ ಬಂದಿರುತ್ತಿತ್ತು. ಊರಿನ ಹೆಸರು ಇಟ್ಟಿದ್ದರೆ ಹೊಸ ಪಟ್ಟಿ ಬಂದ ತಕ್ಷಣ ತಾನೇ ಸರಿಯಾಗುತ್ತಿತ್ತು. ಆ ಪಟ್ಟಿ ಎಲ್ಲರ ಕಂಪ್ಯೂಟರಿಗೂ ಸಮಯಕ್ಕೆ ಸರಿಯಾಗಿ ತಲುಪಬೇಕು, ಅಷ್ಟೇ. ಲೆಬನಾನ್ 2023ರ ಮಾರ್ಚ್‌ನಲ್ಲಿ ಕೆಲವೇ ದಿನ ಮೊದಲು ಬದಲಾವಣೆಯನ್ನು ಮುಂದೂಡಿ, ಆಮೇಲೆ ಆ ತೀರ್ಮಾನವನ್ನೂ ವಾಪಸ್ ತೆಗೆದುಕೊಂಡಿತು. ಅಂಥ ವಾರದಲ್ಲಿ ಯಾವ ಸಾಫ್ಟ್‌ವೇರನ್ನೂ ನಂಬುವಂತಿಲ್ಲ. ಫೋನ್ ಮಾಡಿ ಕೇಳುವುದೇ ವಾಸಿ.

ಸರಿ, ಕಟ್ಟುವುದು ಯಾವ ಊರಿಗೆ? ನನ್ನ ಪ್ರಕಾರ ಹೊತ್ತು ಮೀರಿದರೆ ಯಾರಿಗೆ ಜಾಸ್ತಿ ಕಷ್ಟವೋ ಅವರ ಊರಿಗೆ. ನ್ಯೂಯಾರ್ಕ್‌ನವರು 8ಕ್ಕೆ ಬದಲು 9ಕ್ಕೆ ಬಂದರೆ ಅವರಿಗೆ ಖುಷಿಯೇ. ಮಗುವನ್ನು 6 ಗಂಟೆಗೆ ಡೇಕೇರ್‌ನಿಂದ ಕರೆತರಬೇಕಾದ ಬೆಳ್ಳಂದೂರಿನವರಿಗೆ 5:30ರ ಮೀಟಿಂಗ್ ಅಂದರೆ ಬೇರೆ ಕಥೆ. ಗೂಗಲ್ ಕ್ಯಾಲೆಂಡರ್‌ನಲ್ಲಿ ಸಮಯದ ಹತ್ತಿರ Time zone ಎಂಬ ಗುಂಡಿ ಇದೆ. ಅಲ್ಲಿ ಊರನ್ನು ಆರಿಸಬಹುದು. ಕಳಿಸುವವರು ಒಂದು ಊರಿನಲ್ಲಿ ಕೂತು ಮೀಟಿಂಗನ್ನು ಇನ್ನೊಂದು ಊರಿಗೆ ಕಟ್ಟುವುದಕ್ಕೆ ಏನೂ ಅಡ್ಡಿಯಿಲ್ಲ.

ಕಳಿಸುವ ಮುನ್ನ ಕ್ಯಾಲೆಂಡರ್ ಅನ್ನು ಮಾರ್ಚ್ 10ಕ್ಕೂ 31ಕ್ಕೂ ತಿರುಗಿಸಿ ನೋಡಬೇಕು. ಬೆಂಗಳೂರಿನ ತಂಡಕ್ಕೆ ದಿನಾ 5:30ಕ್ಕೆ ತನ್ನದೇ ಒಂದು ಮೀಟಿಂಗ್ ಇದೆ ಎಂದುಕೊಳ್ಳಿ. ಫೆಬ್ರವರಿಯಲ್ಲಿ ನ್ಯೂಯಾರ್ಕ್‌ನವರು ಕಳಿಸಿದ 6:30ರ ಇನ್‌ವೈಟ್ ಒಪ್ಪಿಕೊಳ್ಳುವಾಗ ಆ ವಾರಗಳಲ್ಲಿ ಯಾವ ಡಿಕ್ಕಿಯೂ ಕಾಣುವುದಿಲ್ಲ. ಮಾರ್ಚ್ 10ರಂದು ನೋಡಿದರೆ ಎರಡೂ ಒಂದರ ಮೇಲೊಂದು ಕೂತಿರುತ್ತವೆ. ಅಕ್ಟೋಬರ್ ಕೊನೆಗೂ ಹೀಗೇ ಒಂದು ವಾರವಿದೆ. 2026ರಲ್ಲಿ ಯುರೋಪ್ ಅಕ್ಟೋಬರ್ 25ಕ್ಕೆ ಬದಲಾಗುತ್ತದೆ, ಅಮೆರಿಕ ನವೆಂಬರ್ 1ಕ್ಕೆ. ನಡುವಿನ 27ನೇ ತಾರೀಕಿನ ಮಂಗಳವಾರವನ್ನೂ ನೋಡಿಟ್ಟುಕೊಳ್ಳಿ.

ಮೀಟಿಂಗ್ ಹೆಸರಿನಲ್ಲೇ ‘6:30 ಐಎಸ್‌ಟಿ’ ಎಂದು ಬರೆಯುವ ಅಭ್ಯಾಸ ಬಿಡುವುದು ಒಳ್ಳೆಯದು. ಸಮಯ ಜರುಗಿದಾಗ ಹೆಸರು ಜರುಗುವುದಿಲ್ಲ. ಆಮೇಲೆ ಯಾವುದನ್ನು ನಂಬುವುದು? ಐಎಸ್‌ಟಿ ಎಂದರೆ ಇಸ್ರೇಲ್‌ನವರಿಗೆ ಅವರ ಸಮಯ, ಐರ್ಲೆಂಡ್‌ನವರಿಗೆ ಅವರ ಬೇಸಿಗೆಯ ಸಮಯ. ನ್ಯೂಯಾರ್ಕ್‌ನ ಚಳಿಗಾಲದ ಸಮಯದ ಹೆಸರು ಇಎಸ್‌ಟಿ. ಅಮೆರಿಕದವರು ಎಷ್ಟೋ ಸಲ ಜುಲೈನಲ್ಲೂ ಅದನ್ನೇ ಬರೆಯುತ್ತಾರೆ. ಅಕ್ಷರಶಃ ನಂಬಿದರೆ ಒಂದು ಗಂಟೆ ತಡವಾಗಿ ಹೋಗುತ್ತೇವೆ, ಅಲ್ವಾ? ವಿವರದ ಜಾಗದಲ್ಲಿ ಒಂದೇ ಸಾಲು ಸಾಕು: ‘ಈ ಮೀಟಿಂಗ್ ಬೆಂಗಳೂರಿನ ಸಂಜೆ 6:30ಕ್ಕೆ ಕಟ್ಟಿದೆ. ಮಾರ್ಚ್ 10ರಿಂದ ನ್ಯೂಯಾರ್ಕ್‌ನಲ್ಲಿ 9, ಮಾರ್ಚ್ 31ರಿಂದ ಲಂಡನ್‌ನಲ್ಲಿ 2.’