‘ಅಪರೂಪದಲ್ಲಿ ಅಪರೂಪ’ ಎಂದರೆ ‘ಅತಿ ಕ್ರೂರ’ ಎಂದಲ್ಲ

ಶಿವಮೊಗ್ಗದ ಗೋಪಿ ವೃತ್ತದಲ್ಲಿ ಈಚೆಗೆ ಕಟ್ಟಿದ್ದ ಫ್ಲೆಕ್ಸ್ ಒಂದರಲ್ಲಿ ಕೆಂಪಕ್ಷರದ ಸಾಲು: ‘ಇದು ಅಪರೂಪದಲ್ಲಿ ಅಪರೂಪದ ಪ್ರಕರಣ, ಗಲ್ಲೇ ಆಗಬೇಕು.’ ಆಗಿನ್ನೂ ಆರೋಪಪಟ್ಟಿ ಸಲ್ಲಿಕೆಯಾಗಿರಲಿಲ್ಲ. ಕೋಪ ಅರ್ಥವಾಗುತ್ತದೆ, ಬೇಡಿಕೆಯೂ ಅರ್ಥವಾಗುತ್ತದೆ. ಆದರೆ ಆ ಪದಗುಚ್ಛ ಅಲ್ಲಿ ಮಾಡುತ್ತಿದ್ದ ಕೆಲಸ ಅದರದ್ದಲ್ಲ. ವರದಿಗಾರರು, ಟಿವಿ ನಿರೂಪಕರು, ಸಾಗರ–ತೀರ್ಥಹಳ್ಳಿಯ ಪ್ರತಿಭಟನೆಗಳ ಭಾಷಣಕಾರರು, ಎಲ್ಲರೂ ಅದನ್ನು ‘ಭೀಕರ’ ಎಂಬುದಕ್ಕೆ ಗಟ್ಟಿ ಪರ್ಯಾಯವಾಗಿ ಬಳಸಿ ಸವೆಸಿದ್ದಾರೆ.

ಈ ಮಾತು ಬಂದದ್ದು 1980ರಲ್ಲಿ, ಬಚ್ಚನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ನೀಡಿದ ತೀರ್ಪಿನಿಂದ. ಮರಣದಂಡನೆ ಸಂವಿಧಾನಬದ್ಧ ಎಂದು ನಾಲ್ವರು ಒಪ್ಪಿದರು, ನ್ಯಾಯಮೂರ್ತಿ ಭಗವತಿಯವರು ಒಪ್ಪಲಿಲ್ಲ. ಒಪ್ಪಿದವರು ಹಾಕಿದ ಷರತ್ತು ಒಂದು ಪೂರ್ಣ ವಾಕ್ಯ; ನಾವು ಅದರ ಮೊದಲರ್ಧವನ್ನು ಕಿತ್ತುಕೊಂಡು ಓಡಿದ್ದೇವೆ. ಅಪರೂಪದಲ್ಲಿ ಅಪರೂಪದ ಪ್ರಕರಣಗಳಲ್ಲಿ ಮಾತ್ರ, ಅದೂ ಬೇರೆ ಶಿಕ್ಷೆಯ ದಾರಿ ನಿಸ್ಸಂದೇಹವಾಗಿ ಮುಚ್ಚಿಹೋಗಿದ್ದಾಗ ಮಾತ್ರ ಗಲ್ಲು ಎಂಬುದು ಅದರ ತಾತ್ಪರ್ಯ. ಜೀವಾವಧಿ ಏಕೆ ಸಾಲದು ಎಂಬುದಕ್ಕೆ ಉತ್ತರ ಬೇಕು. ಅಪರಾಧವೊಂದನ್ನೇ ನೋಡಿ ಆ ಉತ್ತರ ಕೊಡಲು ಬರುವುದಿಲ್ಲ, ಅಪರಾಧಿಯನ್ನೂ ನೋಡಬೇಕು. ಅವನ ವಯಸ್ಸು, ಹಿನ್ನೆಲೆ, ಮನಃಸ್ಥಿತಿ, ಜೈಲಿನ ನಡತೆ, ಸುಧಾರಿಸುವ ಸಾಧ್ಯತೆ. ಸುಧಾರಿಸಲಾರ ಎಂದು ಸಾಕ್ಷ್ಯದಿಂದ ತೋರಿಸುವ ಹೊರೆ ಸರ್ಕಾರದ್ದು. 2022ರ ಮನೋಜ್ ಪ್ರಕರಣದ ಬಳಿಕ ಜೈಲು ಅಧಿಕಾರಿಗಳ ವರದಿ, ಮನೋವೈದ್ಯಕೀಯ ಮೌಲ್ಯಮಾಪನ ಮುಂತಾದವು ವಿಚಾರಣಾ ನ್ಯಾಯಾಲಯದ ಹಂತದಲ್ಲೇ ಕಡತಕ್ಕೆ ಬರಬೇಕು. ಕೊಲೆ ನಡೆದ ಮರುದಿನ ಫ್ಲೆಕ್ಸ್ ಬರೆಸುವವರ ಬಳಿ ಇದಾವುದೂ ಇರುವುದಿಲ್ಲ, ಇರಲು ಸಾಧ್ಯವೂ ಇಲ್ಲ.

‘ಜೀವಾವಧಿ ಎಂದರೆ ಹದಿನಾಲ್ಕು ವರ್ಷ, ಆಮೇಲೆ ಹೊರಗೆ’ ಎಂಬ ಇನ್ನೊಂದು ನಂಬಿಕೆ ಇದರ ಬೆನ್ನಿಗೇ ಬರುತ್ತದೆ. ಜೀವಾವಧಿ ಎಂದರೆ ಬದುಕಿನ ಅವಧಿ. ಹದಿನಾಲ್ಕು ವರ್ಷವೆಂಬುದು ಅವಧಿಪೂರ್ವ ಬಿಡುಗಡೆಯ ವಿಚಾರಕ್ಕೆ ಸಂಬಂಧಿಸಿದ ಕನಿಷ್ಠ ಮಿತಿ, ಹಕ್ಕಲ್ಲ. ನಮ್ಮದೇ ರಾಜ್ಯದ ಸ್ವಾಮಿ ಶ್ರದ್ಧಾನಂದ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ಗಲ್ಲನ್ನು ತೆಗೆದು, ಉಳಿದ ಬದುಕಿನುದ್ದಕ್ಕೂ ಬಿಡುಗಡೆಯಿಲ್ಲದ ಸೆರೆ ವಿಧಿಸಿತು. ಇಂಥದೊಂದು ಶಿಕ್ಷೆ ಕೈಯಲ್ಲಿದ್ದ ಮೇಲೆ ‘ಬೇರೆ ದಾರಿ ಮುಚ್ಚಿದೆ’ ಎಂದು ಹೇಳುವುದು ಮೊದಲಿಗಿಂತ ಕಷ್ಟ.

ಈಗ ವಾದಗಳಿಗೆ ಬರೋಣ. ಗಲ್ಲಿನ ಪರವಾಗಿ ಆಡುವ ಮಾತುಗಳೆಲ್ಲ ಎರಡು ಮೂಲಗಳಿಂದ ಹುಟ್ಟುತ್ತವೆ, ಎರಡಕ್ಕೂ ನಮ್ಮಲ್ಲಿ ಗಾದೆಗಳು ಸಿದ್ಧವಾಗಿವೆ: ‘ಮಾಡಿದ್ದುಣ್ಣೋ ಮಹಾರಾಯ’ ಮತ್ತು ‘ದಂಡಂ ದಶಗುಣಂ’. ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳುವವರು ಇವು ಬೇರೆ ಬೇರೆ ದಿಕ್ಕಿಗೆ ಎಳೆಯುವ ಮಾತುಗಳು ಎಂಬುದನ್ನು ಗಮನಿಸುವುದಿಲ್ಲ. ಮೊದಲನೆಯದು ಹಿಂದಕ್ಕೆ ನೋಡುತ್ತದೆ: ಮಾಡಿದ್ದಕ್ಕೆ ತಕ್ಕಷ್ಟು ಅನುಭವಿಸಬೇಕು. ಇದನ್ನು ಸೇಡು ಎಂದು ತಳ್ಳಿಹಾಕುವ ಗಲ್ಲುವಿರೋಧಿಗಳ ಮೇಲೂ ನನಗೆ ತಕರಾರಿದೆ. ಸೇಡಿಗೆ ಅಳತೆಯಿಲ್ಲ, ಮಾಡಿದವನ ತಮ್ಮನನ್ನು ಹೊಡೆದರೂ ಅದು ತಣಿಯಬಹುದು. ತಕ್ಕ ಶಿಕ್ಷೆಯ ವಾದಕ್ಕೆ ಅಳತೆಯೇ ಜೀವಾಳ. ಮಾಡಿದವನಿಗೇ ಆಗಬೇಕು, ಮಾಡಿದಷ್ಟಕ್ಕೇ ಆಗಬೇಕು. ಸತ್ತವರ ಜೀವಕ್ಕೂ ಬೆಲೆಯಿತ್ತು ಎಂದು ಸಾರುವ ಶಕ್ತಿ ಇದಕ್ಕಿದೆ. ಆದರೆ ಮಾಡಿದವನು ಅವನೇ ಎಂಬ ಖಾತರಿ ಇಲ್ಲವಾದರೆ ಈ ವಾದಕ್ಕೆ ನಿಲ್ಲಲು ನೆಲವೇ ಇಲ್ಲ.

ಎರಡನೆಯದು ಮುಂದಕ್ಕೆ ನೋಡುತ್ತದೆ: ಇವನನ್ನು ನೋಡಿ ಇನ್ನೊಬ್ಬ ಹೆದರಲಿ. ಇಲ್ಲಿ ಕೇಳಬೇಕಾದ ಪ್ರಶ್ನೆಯನ್ನು ಹೆಚ್ಚಿನವರು ತಪ್ಪಾಗಿ ಕೇಳುತ್ತಾರೆ. ಶಿಕ್ಷೆ ಹೆದರಿಸುತ್ತದೆಯೇ ಎಂಬುದಲ್ಲ ಪ್ರಶ್ನೆ, ಹೆದರಿಸಿಯೇ ಹೆದರಿಸುತ್ತದೆ. ಜೀವನಪೂರ್ತಿ ಸೆರೆಗೆ ಹೆದರದವನು ಗಲ್ಲಿಗೆ ಹೆದರುತ್ತಾನೆಯೇ ಎಂಬುದು ಪ್ರಶ್ನೆ. ನ್ಯಾಯಮೂರ್ತಿ ಎ. ಪಿ. ಶಾ ಅಧ್ಯಕ್ಷತೆಯ ಕಾನೂನು ಆಯೋಗ 2015ರ ತನ್ನ 262ನೇ ವರದಿಯಲ್ಲಿ ಜೀವಾವಧಿಗಿಂತ ಗಲ್ಲು ಹೆಚ್ಚು ಹೆದರಿಸುತ್ತದೆ ಎಂಬುದಕ್ಕೆ ಆಧಾರವಿಲ್ಲವೆಂದು ಹೇಳಿ, ಭಯೋತ್ಪಾದನೆ ಮತ್ತು ದೇಶದ ವಿರುದ್ಧ ಯುದ್ಧ ಸಾರುವ ಪ್ರಕರಣಗಳ ಹೊರತು ಉಳಿದೆಡೆ ಅದನ್ನು ಕೈಬಿಡಲು ಶಿಫಾರಸು ಮಾಡಿತು. ಸಿಕ್ಕಿಬೀಳುವ ಖಚಿತತೆ ಶಿಕ್ಷೆಯ ಉಗ್ರತೆಗಿಂತ ಹೆಚ್ಚು ಹೆದರಿಸುತ್ತದೆ ಎಂಬುದು ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಹೊಸ ವಿಷಯವಲ್ಲ. ಒಣಹಾಕಿದ ಅಡಿಕೆ ಕದಿಯುವವನಿಗೆ ಎಷ್ಟು ವರ್ಷ ಜೈಲು ಎಂದು ಯಾರೂ ಅಂಗಳದಲ್ಲಿ ಬೋರ್ಡ್ ಹಾಕುವುದಿಲ್ಲ, ಕ್ಯಾಮೆರಾ ಹಾಕುತ್ತಾರೆ.

ಮೂರನೆಯದು ಗಲ್ಲಿನ ವಿರುದ್ಧದ್ದು, ತಿದ್ದಲಾಗದ ತಪ್ಪಿನ ವಾದ. ಇದನ್ನು ನಾನು ಉಳಿದೆರಡರ ಸಾಲಿನಲ್ಲಿಟ್ಟು ತೂಗುವುದಿಲ್ಲ, ಏಕೆಂದರೆ ಅವೆರಡನ್ನೂ ಒಪ್ಪಿದವರು ಕೂಡ ಇದಕ್ಕೆ ಉತ್ತರ ಕೊಡಲೇಬೇಕು. ಅಲ್ಲದೆ ಇಲ್ಲಿ ತಪ್ಪು ಎರಡು ಬಗೆಯದು.

ಒಂದು, ಕಾನೂನಿನ ತಪ್ಪು. ರಾಜಸ್ಥಾನದ ರಾವ್‌ಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಇಬ್ಬರ ಪೀಠ, ಶಿಕ್ಷೆ ನಿರ್ಧರಿಸಲು ಅಪರಾಧದ ಸ್ವರೂಪ ಮುಖ್ಯ, ಅಪರಾಧಿಯದ್ದಲ್ಲ ಎಂದಿತು. ನಮ್ಮ ಫ್ಲೆಕ್ಸಿನ ಅರ್ಥವೂ ಅದೇ. 1996ರಲ್ಲಿ ರಾವ್‌ಜಿಯನ್ನು ಗಲ್ಲಿಗೇರಿಸಲಾಯಿತು. ಹದಿಮೂರು ವರ್ಷಗಳ ಬಳಿಕ, 2009ರ ಮೇ ತಿಂಗಳಲ್ಲಿ, ಸಂತೋಷ್ ಕುಮಾರ್ ಬರಿಯಾರ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಆ ತೀರ್ಪು ಬಚ್ಚನ್ ಸಿಂಗ್ ತೀರ್ಪಿಗೆ ವಿರುದ್ಧವಾದದ್ದು, ಅದನ್ನು ಅನುಸರಿಸಬಾರದು ಎಂದು ಹೇಳಿತು. ಅಷ್ಟರಲ್ಲಿ ಅದನ್ನೇ ನೆಚ್ಚಿ ಇನ್ನೂ ಹಲವರಿಗೆ ಗಲ್ಲು ವಿಧಿಸಿಯಾಗಿತ್ತು. 2012ರಲ್ಲಿ ಹದಿನಾಲ್ಕು ಮಂದಿ ನಿವೃತ್ತ ನ್ಯಾಯಮೂರ್ತಿಗಳು ಹೀಗೆ ತಪ್ಪಾಗಿ ಗಲ್ಲು ಶಿಕ್ಷೆಗೆ ಒಳಗಾದವರನ್ನು ಉಳಿಸಿ ಎಂದು ರಾಷ್ಟ್ರಪತಿಗೆ ಬರೆಯಬೇಕಾಯಿತು.

ಇನ್ನೊಂದು, ವಾಸ್ತವದ ತಪ್ಪು. 2003ರಲ್ಲಿ ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯಲ್ಲಿ ತೋಟದ ಗುಡಿಸಲೊಂದಕ್ಕೆ ನುಗ್ಗಿದವರು ಒಂದೇ ಮನೆಯವರನ್ನು ಕೊಂದು, ಅತ್ಯಾಚಾರವನ್ನೂ ಎಸಗಿದ್ದರು. ಅಲೆಮಾರಿ ಸಮುದಾಯದ ಆರು ಮಂದಿಗೆ ವಿಚಾರಣಾ ನ್ಯಾಯಾಲಯ ಗಲ್ಲು ವಿಧಿಸಿತು. ಹೈಕೋರ್ಟ್ ಮೂವರದ್ದನ್ನು ಜೀವಾವಧಿಗೆ ಇಳಿಸಿತು. 2009ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್ ಆ ಮೂವರಿಗೂ ಸೇರಿಸಿ ಆರೂ ಜನರಿಗೆ ಗಲ್ಲು ಎಂದಿತು. ಅಪರಾಧದ ಕ್ರೌರ್ಯದ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ, ಈಗಲೂ ಇಲ್ಲ. ಆದರೆ ಬದುಕುಳಿದ ಮಹಿಳೆ ಪೊಲೀಸರು ತೋರಿಸಿದ ಫೋಟೊಗಳಲ್ಲಿ ಬೇರೆಯೇ ನಾಲ್ವರನ್ನು ಗುರುತಿಸಿದ್ದರು. ಆ ನಾಲ್ವರ ತನಿಖೆ ಮುಂದುವರಿಯಲೇ ಇಲ್ಲ. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆರೂ ಮಂದಿಯನ್ನು ಖುಲಾಸೆಗೊಳಿಸಿ, ತಲಾ ಐದು ಲಕ್ಷ ರೂಪಾಯಿ ಪರಿಹಾರ ಕೊಡಲು ಆದೇಶಿಸಿತು. ಅವರಲ್ಲೊಬ್ಬ ಘಟನೆ ನಡೆದಾಗ ಬಾಲಾಪರಾಧಿಯ ವಯಸ್ಸಿನವನು ಎಂಬುದೂ ಈ ನಡುವೆ ಹೊರಬಂದಿತ್ತು. ‘ಮೂರು ಹಂತದ ನ್ಯಾಯಾಲಯಗಳು ನೋಡಿರುತ್ತವೆ, ತಪ್ಪಾಗುವುದಿಲ್ಲ’ ಎನ್ನುವವರು ಗಮನಿಸಬೇಕಾದ್ದು ಇಷ್ಟೇ: ಇಲ್ಲಿ ಮೂರೂ ಹಂತ ಮುಗಿದಿದ್ದವು. ಮರುಪರಿಶೀಲನೆ ಮತ್ತೆ ನಡೆಯುವಾಗ ಅವರು ಜೀವಂತ ಇದ್ದದ್ದರಿಂದ ಹೊರಬಂದರು.

ಕ್ರೌರ್ಯ ಹೆಚ್ಚಿದಷ್ಟೂ ಯಾರನ್ನಾದರೂ ಬೇಗ ಹಿಡಿಯಬೇಕೆಂಬ ಒತ್ತಡ ಹೆಚ್ಚುತ್ತದೆ, ಗುರುತಿಸುವಿಕೆಯ ಲೋಪಗಳು ಆಗಲೇ ನುಸುಳುತ್ತವೆ. ಹಾಗಾಗಿ ‘ಅತಿ ಕ್ರೂರವಾದದ್ದಕ್ಕೆ ಮಾತ್ರ ಗಲ್ಲು’ ಎಂಬ ಸೋಸಣಿಗೆ ತಪ್ಪನ್ನು ಹೊರಗಿಡುವುದಿಲ್ಲ.

ಗಲ್ಲು ಬೇಕೆನ್ನುವವರು ಬೇಕೆನ್ನಲಿ, ಅದಕ್ಕೆ ‘ತಕ್ಕ ಶಿಕ್ಷೆ’ ಎಂಬ ಮರ್ಯಾದಸ್ಥ ವಾದವೇ ಇದೆ. ವರದಿಗಾರರಿಗೆ ಮಾತ್ರ ಒಂದು ಬೇಡಿಕೆ. ಕೊಲೆ ಘೋರವಾಗಿದ್ದರೆ ಘೋರ ಎಂದೇ ಬರೆಯಿರಿ. ‘ಅಪರೂಪದಲ್ಲಿ ಅಪರೂಪ’ ಎಂಬುದನ್ನು ಶಿಕ್ಷೆಯ ಆದೇಶ ಹೊರಬಿದ್ದ ದಿನಕ್ಕೆ ಉಳಿಸಿಕೊಳ್ಳಿ. ಆ ದಿನವೂ ಜೀವಾವಧಿ ಏಕೆ ಸಾಲದೆಂದು ನ್ಯಾಯಾಧೀಶರು ಯಾವ ಪುಟದಲ್ಲಿ ಏನು ಕಾರಣ ಕೊಟ್ಟಿದ್ದಾರೆಂದು ನೋಡಿ ಬರೆಯಿರಿ. ಜೊತೆಗೆ, ಸೆಷನ್ಸ್ ನ್ಯಾಯಾಲಯ ವಿಧಿಸಿದ ಗಲ್ಲು ಹೈಕೋರ್ಟ್ ದೃಢೀಕರಿಸುವವರೆಗೆ ಜಾರಿಯಾಗುವಂತಿಲ್ಲ ಎಂಬ ಸಾಲನ್ನೂ ಸೇರಿಸಿ. ಅದು ಇಲ್ಲದ ಕಾರಣಕ್ಕೇ ಊರಿನವರು ಮರುದಿನ ‘ಯಾವಾಗ ನೇಣು?’ ಎಂದು ಕೇಳುತ್ತಾರೆ.