ಎರಡು ಸಲ ಎಣಿಸಿದವರನ್ನು ಎಷ್ಟು ಸಲ ಕಳೆಯಬೇಕು?

ಪ್ರಶ್ನೆ: ಒಂದು ತರಗತಿಯಲ್ಲಿ 28 ಮಂದಿ ಚೆಸ್ ಆಡುತ್ತಾರೆ, 21 ಮಂದಿ ಕೇರಂ ಆಡುತ್ತಾರೆ. 9 ಮಂದಿ ಎರಡನ್ನೂ ಆಡುತ್ತಾರೆ, 5 ಮಂದಿ ಯಾವುದನ್ನೂ ಆಡುವುದಿಲ್ಲ. ಒಟ್ಟು ವಿದ್ಯಾರ್ಥಿಗಳೆಷ್ಟು? ನನಗೆ 54 ಬರುತ್ತಿದೆ, ಗೆಳೆಯನಿಗೆ 36. ಪುಸ್ತಕದ ಕೊನೆಯಲ್ಲಿ 45 ಎಂದಿದೆ. ಪುಸ್ತಕದಲ್ಲಿ ಅಚ್ಚಿನ ತಪ್ಪೇ?

ಉತ್ತರ: ಅಚ್ಚಿನ ತಪ್ಪಲ್ಲ, 45 ಸರಿ. ಹೆಸರು, ಆಟ, ಅಂಕಿ ಬದಲಾಯಿಸಿಕೊಂಡು ಇದೇ ಪ್ರಶ್ನೆ ಬರುತ್ತಲೇ ಇರುತ್ತದೆ. ಹಾಗಾಗಿ ಈ ಸಲ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ನಿಮ್ಮ 54ರ ಗುಟ್ಟು ಸುಲಭ. 28, 21, 5 ಕೂಡಿಸಿದ್ದೀರಿ. ಎರಡೂ ಆಡುವ ಆ 9 ಮಂದಿ ಚೆಸ್‌ನವರ 28ರಲ್ಲೂ ಇದ್ದಾರೆ, ಕೇರಂನವರ 21ರಲ್ಲೂ ಇದ್ದಾರೆ. ಒಬ್ಬನೇ ಹುಡುಗ ಎರಡು ಪಟ್ಟಿಯಲ್ಲಿ ಹೆಸರು ಬರೆಸಿದ ಮಾತ್ರಕ್ಕೆ ಇಬ್ಬರಾಗುವುದಿಲ್ಲವಲ್ಲ. 54ರಿಂದ ಆ ಹೆಚ್ಚುವರಿ 9 ತೆಗೆದರೆ 45.

ನನಗೆ ತಲೆನೋವಾಗಿರುವುದು ನಿಮ್ಮ ಗೆಳೆಯನ 36. ಅವನ ವಾದ ಕೇಳಲು ಚೆನ್ನಾಗಿಯೇ ಇದೆ: ‘9 ಮಂದಿಯನ್ನು ಎರಡು ಸಲ ಎಣಿಸಿದ್ದೇವೆ, ಆದ್ದರಿಂದ ಎರಡು ಸಲ ಕಳೆಯಬೇಕು.’ ಎಷ್ಟು ತಿದ್ದಿದರೂ ಮುಂದಿನ ಪರೀಕ್ಷೆಯಲ್ಲಿ ಮತ್ತೆ ಹಾಜರಾಗುವ ವಾದ ಇದು. ಇದನ್ನು ಮುರಿಯಲು ದೊಡ್ಡ ಅಂಕಿಗಳು ಬೇಡ. ಒಬ್ಬನೇ ವಿದ್ಯಾರ್ಥಿ ಇರುವ ತರಗತಿ ಅಂದುಕೊಳ್ಳಿ, ಅವನು ಎರಡೂ ಆಟ ಆಡುತ್ತಾನೆ. ಚೆಸ್ 1, ಕೇರಂ 1, ಎರಡೂ 1. ಗೆಳೆಯನ ಲೆಕ್ಕದಲ್ಲಿ 1 + 1 − 2 = 0. ಹುಡುಗ ಕಣ್ಣೆದುರೇ ಕೂತಿದ್ದಾನೆ, ಲೆಕ್ಕ ಮಾತ್ರ ತರಗತಿ ಖಾಲಿ ಅನ್ನುತ್ತಿದೆ! ಎರಡು ಸಲ ಎಣಿಸಿದ್ದು ತಪ್ಪು, ನಿಜ. ಆದರೆ ಒಂದು ಸಲ ಎಣಿಸಲೇಬೇಕಿತ್ತು. ಹೆಚ್ಚಾದದ್ದು ಒಂದೇ ಸಲ, ಕಳೆಯಬೇಕಾದದ್ದೂ ಒಂದೇ ಸಲ.

ಇನ್ನೂ ನಂಬಿಕೆ ಬಾರದಿದ್ದರೆ ಸೂತ್ರ ಬದಿಗಿಟ್ಟು ಒಂದರ ಮೇಲೊಂದು ಹಾಯುವ ಎರಡು ವೃತ್ತ ಬರೆಯಿರಿ. ಮೊದಲು ತುಂಬಬೇಕಾದದ್ದು ನಡುವಿನ ಭಾಗ, ಅಲ್ಲಿ 9. ಚೆಸ್ ವೃತ್ತದಲ್ಲಿ ಉಳಿಯುವುದು 28 − 9 = 19, ಕೇರಂ ವೃತ್ತದಲ್ಲಿ 21 − 9 = 12. ಎರಡೂ ವೃತ್ತಗಳ ಹೊರಗೆ 5. ಈಗ ಯಾರೂ ಎರಡು ಕಡೆ ಇಲ್ಲ, ಧೈರ್ಯವಾಗಿ ಕೂಡಿಸಬಹುದು: 19 + 9 + 12 + 5 = 45. ಗೆಳೆಯನ 36 ಎಲ್ಲಿಂದ ಬಂತು ಅನ್ನುವುದೂ ಇದೇ ಚಿತ್ರದಲ್ಲಿದೆ: 19 + 12 + 5. ನಡುವಿನ ಒಂಬತ್ತು ಮಂದಿಯನ್ನು ಅವನು ತರಗತಿಯಿಂದಲೇ ಆಚೆ ಕಳಿಸಿದ್ದಾನೆ. 19 + 12 = 31 ಕೂಡ ಒಂದು ಪ್ರಶ್ನೆಗೆ ಉತ್ತರವೇ: ಒಂದೇ ಆಟ ಆಡುವವರು ಎಷ್ಟು ಮಂದಿ? ಆದರೆ ಇಲ್ಲಿ ಅದನ್ನು ಯಾರೂ ಕೇಳಿಲ್ಲ.

ಒಂದು ಎಚ್ಚರಿಕೆ. ‘19 ಮಂದಿ ಚೆಸ್ ಮಾತ್ರ ಆಡುತ್ತಾರೆ’ ಎಂದು ಪ್ರಶ್ನೆಯಲ್ಲೇ ಇದ್ದರೆ ಕಳೆಯುವ ಕೆಲಸ ಆಗಲೇ ಮುಗಿದಿದೆ. ಮತ್ತೆ ಕಳೆಯಲು ಹೋಗಬೇಡಿ.

ಇಷ್ಟು ಹೇಳಿದ ಮೇಲೆ ನೀವು ಕೇಳದ ಒಂದು ಪ್ರಶ್ನೆಗೂ ಉತ್ತರಿಸುವ ಆಸೆ. ತರಗತಿಯಲ್ಲಿ 45 ಮಂದಿ, ಚೆಸ್ 28, ಕೇರಂ 21, ಇಷ್ಟೇ ಕೊಟ್ಟಿದ್ದಾರೆ. ಎರಡೂ ಆಡುವವರು ಎಷ್ಟು? ಏನೂ ಹೇಳಲಾಗದು ಅಂತ ಪೆನ್ನು ಕೆಳಗಿಡಬೇಡಿ. 28 + 21 = 49 ಹೆಸರುಗಳಿವೆ, ಇರುವವರು 45. ಎಲ್ಲರೂ ಏನಾದರೊಂದು ಆಡುತ್ತಾರೆ ಅಂದುಕೊಂಡರೂ 4 ಹೆಸರು ಹೆಚ್ಚು, ಅಂದರೆ ಕನಿಷ್ಠ 4 ಮಂದಿ ಎರಡೂ ಪಟ್ಟಿಯಲ್ಲಿರಲೇಬೇಕು. ಗರಿಷ್ಠ 21, ಏಕೆಂದರೆ ಕೇರಂ ಆಡುವವರೇ ಅಷ್ಟು. ಆಗ ಏನೂ ಆಡದವರು 45 − 28 = 17. ನಿಖರ ಉತ್ತರ ಬೇಕಾದರೆ ಇನ್ನೊಂದು ಮಾಹಿತಿ ಬೇಕು. ಏನೂ ಆಡದವರು 5 ಎಂದ ಕೂಡಲೇ ಅದು 9ಕ್ಕೆ ಬಂದು ನಿಲ್ಲುತ್ತದೆ. ಇದೇ 45 ಮಂದಿಯ ತರಗತಿಯಲ್ಲಿ ಎರಡೂ ಆಡುವವರು 3 ಎಂದು ಪುಸ್ತಕದಲ್ಲಿ ಕಂಡರೆ ಆಟ ಆಡುವವರೇ 46 ಆಗಿಬಿಡುತ್ತಾರೆ. ಆಗ ಅಚ್ಚಿನ ತಪ್ಪು ಅನ್ನಿ, ನಾನೂ ಒಪ್ಪುತ್ತೇನೆ.